ನನಗಿಂತ 13 ವರ್ಷ ಜಾಸ್ತಿ ಅನುಭವ ಇರುವವರನ್ನು ಇಂಟರ್‌ವ್ಯೂ ಮಾಡಬೇಕು. ಮಾತು ಕೈತಪ್ಪದ ಹಾಗೆ ನೋಡಿಕೊಳ್ಳುವುದು ಹೇಗೆ?

ತುಂಗಾತೀರ · ಸೋಮವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿ ಬ್ಯಾಕೆಂಡ್ ಕೆಲಸ, 6 ವರ್ಷ ಆಯಿತು. ಗುರುವಾರ ನಮ್ಮಲ್ಲಿ ಪ್ರಿನ್ಸಿಪಲ್ ಇಂಜಿನಿಯರ್ ಕೆಲಸಕ್ಕೆ ಒಬ್ಬರ ಇಂಟರ್‌ವ್ಯೂ ಇದೆ. ಅವರಿಗೆ 19 ವರ್ಷದ ಅನುಭವ. ನಾಲ್ಕು ರೌಂಡಿನಲ್ಲಿ ಒಂದು ನನ್ನದು, ವಿಡಿಯೋ ಕಾಲ್, ಒಂದು ಗಂಟೆ. ಆಯ್ಕೆಯಾದರೆ ಅವರು ನನಗೇ ದಾರಿ ತೋರಿಸುವ ಜಾಗಕ್ಕೆ ಬರುತ್ತಾರೆ.

ಹೋದ ವರ್ಷ ಇಂಥದ್ದೇ ಒಂದು ಇಂಟರ್‌ವ್ಯೂ ಮಾಡಿದ್ದೆ. "ನಿಮ್ಮ ಬಗ್ಗೆ ಹೇಳಿ ಸರ್" ಎಂದು ಶುರು ಮಾಡಿದೆ, ಅವರು 2004ರಿಂದ ಶುರು ಮಾಡಿದರು. ಮಧ್ಯೆ ಒಂದು ಪ್ರಶ್ನೆ ಕೇಳಿದರೆ "ನೋಡಮ್ಮ, ಆ ಕಾಲದಲ್ಲಿ ಹೇಗಿತ್ತು ಅಂದ್ರೆ" ಎಂದು ಇನ್ನೊಂದು ಕಥೆ ಬಂತು. 45 ನಿಮಿಷ ಹೀಗೇ ಹೋಯಿತು. ಆಮೇಲೆ ಫೀಡ್‌ಬ್ಯಾಕ್ ಬರೆಯಲು ಕೂತರೆ "ತುಂಬಾ ಅನುಭವ ಇದೆ, ಚೆನ್ನಾಗಿ ಮಾತಾಡುತ್ತಾರೆ" ಬಿಟ್ಟು ಒಂದು ಸಾಲೂ ಹುಟ್ಟಲಿಲ್ಲ. ಡಿಬ್ರೀಫ್‌ನಲ್ಲಿ ಮ್ಯಾನೇಜರ್ "ಅವರು ಏನು ಮಾಡಿದ್ದಾರೆ ಅಂತ ಗೊತ್ತಾಯ್ತಾ?" ಎಂದು ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ.

ಈ ಸಲ ಹಾಗೆ ಆಗಬಾರದು. ಮಾತನ್ನು ವಾಪಸ್ ಎಳೆಯುವುದು ಹೇಗೆ? ನನಗೆ ಗೊತ್ತಿಲ್ಲದ್ದನ್ನು ಅವರು ಹೇಳಿದರೆ ಏನು ಮಾಡಬೇಕು? ಹೆದರಿದ್ದೇನೆ ಅಂತಲೂ ಅನ್ನಿಸಬಾರದು, ಸೊಕ್ಕು ಅಂತಲೂ ಅನ್ನಿಸಬಾರದು.

ಕೋಡ್‌ಕಟ್ಟೆ · ಸೋಮವಾರ ರಾತ್ರಿ

ಸುಲಭ ಇದೆ. ಮಾತಿಗೆ ಜಾಗವನ್ನೇ ಕೊಡಬೇಡಿ. ಸ್ಕ್ರೀನ್ ಶೇರ್ ಮಾಡಿಸಿ, ಒಂದು ಕಷ್ಟದ ಗ್ರಾಫ್ ಪ್ರಾಬ್ಲಂ ಕೊಡಿ, ಟೈಮರ್ ಹಾಕಿ. ಕೋಡ್ ಮುಂದೆ 6 ವರ್ಷವೂ ಒಂದೇ, 19 ವರ್ಷವೂ ಒಂದೇ. ನಾನು ಎಲ್ಲರಿಗೂ ಒಂದೇ ಪ್ರಶ್ನೆ ಕೊಡುತ್ತೇನೆ, ಯಾರಿಗೂ ರಿಯಾಯಿತಿ ಇಲ್ಲ.

ಮಂಡ್ಯದವ · ಸೋಮವಾರ ರಾತ್ರಿ

ನನಗೂ ಮುಂದಿನ ವಾರ ಹೀಗೇ ಇದೆ, ಪ್ಯಾನಲ್‌ನಲ್ಲಿ 20 ವರ್ಷ ಅನುಭವದ ವಿಪಿ ಇರುತ್ತಾರಂತೆ. ಅವರ ಮುಂದೆ ತಡವರಿಸದ ಹಾಗೆ ಉತ್ತರ ಕೊಡುವುದು ಹೇಗೆ ಅಂತ ನಾನೂ ಹುಡುಕುತ್ತಿದ್ದೆ. ಯಾರಾದರೂ ಹೇಳಿ.

ತುಂಗಾತೀರ

@ಮಂಡ್ಯದವ, ನಂದು ಉಲ್ಟಾ ಕೇಸು. ನಾನು ಪ್ರಶ್ನೆ ಕೇಳುವ ಕಡೆ ಇದ್ದೇನೆ. ನಿಮ್ಮದಕ್ಕೆ ಬೇರೆ ಥ್ರೆಡ್ ಹಾಕಿ, ಅಲ್ಲಿ ಜಾಸ್ತಿ ಜನ ಉತ್ತರ ಕೊಡುತ್ತಾರೆ.

ಹಳೇಪ್ಯಾನಲ್ · ಸೋಮವಾರ ರಾತ್ರಿ

ತುಂಗಾ ಅವರೇ, ಈ ಥರದ ಪ್ಯಾನಲ್‌ಗಳಲ್ಲಿ ಬಹಳ ವರ್ಷ ಕೂತಿದ್ದೇನೆ. ಹೋದ ಸಲ ನಿಮ್ಮ ಕೈತಪ್ಪಿದ್ದು ಮಧ್ಯದಲ್ಲಿ ಅಲ್ಲ, ಮೊದಲನೇ ವಾಕ್ಯದಲ್ಲಿ. "ನಿಮ್ಮ ಬಗ್ಗೆ ಹೇಳಿ" ಅಂದರೆ 19 ವರ್ಷ ಇರುವವರು 19 ವರ್ಷವನ್ನೂ ಹೇಳುತ್ತಾರೆ. ಕೇಳಿದ್ದು ನೀವೇ, ಅವರ ತಪ್ಪೇನೂ ಇಲ್ಲ.

ಗುರುವಾರಕ್ಕೆ ಮುಂಚೆ ಮ್ಯಾನೇಜರ್ ಹತ್ತಿರ ಒಂದು ವಿಷಯ ಖಚಿತ ಮಾಡಿಕೊಳ್ಳಿ. ನಿಮ್ಮ ರೌಂಡು ಯಾವ ಪ್ರಶ್ನೆಗೆ ಉತ್ತರ ತರಬೇಕು? ಅವರು ನಿಮಗಿಂತ ಜಾಸ್ತಿ ತಿಳಿದವರೇ ಅಂತ ಪತ್ತೆ ಮಾಡುವುದು ನಿಮ್ಮ ಕೆಲಸ ಅಲ್ಲ, ಅದು ಎಲ್ಲರಿಗೂ ಗೊತ್ತಿರುವುದೇ. "ದೊಡ್ಡ ಕೆಲಸವೊಂದನ್ನು ಅಪಾಯ ತೂಗಿ ಮುಗಿಸಿದ್ದಾರಾ, ಅದರಲ್ಲಿ ಅವರ ಪಾಲು ಎಷ್ಟು" ಅಂತ ಒಂದೇ ಪ್ರಶ್ನೆ ಇಟ್ಟುಕೊಂಡರೂ ಒಂದು ಗಂಟೆ ಸಾಲದು. ಪ್ರಶ್ನೆ ಸಣ್ಣದಾದಷ್ಟೂ ಹೆದರಿಕೆ ಕಡಿಮೆ ಆಗುತ್ತದೆ. ಯಾಕೆಂದರೆ ನೀವು ಅವರನ್ನು ಪೂರ್ತಿ ಅಳೆಯುತ್ತಿಲ್ಲ, ಒಂದು ತುಂಡನ್ನು ನೋಡುತ್ತಿದ್ದೀರಿ.

ಆಮೇಲೆ ಮೊದಲ ಎರಡು ನಿಮಿಷ. ನಾನು ಹೇಳುವುದು ಹೆಚ್ಚು ಕಡಿಮೆ ಹೀಗೆ: "ನಿಮ್ಮ ರೆಸ್ಯೂಮೆ ಓದಿದ್ದೇನೆ, ಅದನ್ನು ಮತ್ತೆ ಹೇಳಬೇಕಿಲ್ಲ. ಇವತ್ತು ನೀವು ಮಾಡಿದ ಒಂದೇ ಒಂದು ಕೆಲಸವನ್ನು ತೆಗೆದುಕೊಂಡು 35 ನಿಮಿಷ ಆಳಕ್ಕೆ ಹೋಗೋಣ. ಆಮೇಲೆ 10 ನಿಮಿಷ ನಮ್ಮ ಕಡೆಯ ಒಂದು ಸಮಸ್ಯೆ. ಕೊನೆಯ 10 ನಿಮಿಷ ನಿಮ್ಮ ಪ್ರಶ್ನೆಗಳಿಗೆ. ಟೈಮ್ ನೋಡಿಕೊಳ್ಳುವುದು ನನ್ನ ಜವಾಬ್ದಾರಿ, ಹಾಗಾಗಿ ಮಧ್ಯೆ ಮಧ್ಯೆ ತಡೆಯುತ್ತೇನೆ, ಪರವಾಗಿಲ್ವಾ?" ಅವರು "ಪರವಾಗಿಲ್ಲ" ಅನ್ನುತ್ತಾರೆ. ಇನ್ನು ತಡೆದರೆ ಅದು ಮರ್ಯಾದೆ ತಪ್ಪಿದ ಹಾಗೆ ಆಗುವುದಿಲ್ಲ, ಇಬ್ಬರೂ ಒಪ್ಪಿದ ಮಾತಾಗುತ್ತದೆ. ಈ ಒಂದು ಒಪ್ಪಿಗೆ ಪಡೆಯದೆ 20ನೇ ನಿಮಿಷದಲ್ಲಿ ತಡೆಯಲು ಹೋದರೆ ಇಬ್ಬರಿಗೂ ಮುಜುಗರ.

@ಕೋಡ್‌ಕಟ್ಟೆ, ಎಲ್ಲರಿಗೂ ಒಂದೇ ಪ್ರಶ್ನೆ ಅನ್ನುವುದು ಸರಿ. ಒಬ್ಬರಿಗೆ ಒಂದು, ಇನ್ನೊಬ್ಬರಿಗೆ ಇನ್ನೊಂದು ಕೇಳಿದರೆ ಹೋಲಿಸುವುದಕ್ಕೇ ಆಗಲ್ಲ. ಆದರೆ ಈ ಕೆಲಸಕ್ಕೆ ಗ್ರಾಫ್ ಪ್ರಾಬ್ಲಂ ಏನನ್ನು ಅಳೆಯುತ್ತದೆ? ಅವರು ಮೂರು ಟೀಮುಗಳ ನಡುವೆ ಒಂದು ನಿರ್ಧಾರ ಕೂರಿಸಬಲ್ಲರಾ ಅಂತ ಅದು ಹೇಳುವುದಿಲ್ಲ. ಇಂಟರ್‌ವ್ಯೂ ಕೈಯಲ್ಲಿ ಇರುತ್ತದೆ, ನಿಜ. ಬೇಕಾದ ಉತ್ತರ ಮಾತ್ರ ಸಿಗುವುದಿಲ್ಲ.

ಕೋಡ್‌ಕಟ್ಟೆ

ಕೋಡ್ ಬರೆಯಲು ಬಾರದ ಪ್ರಿನ್ಸಿಪಲ್‌ಗಳನ್ನು ನೋಡಿದ್ದೇನೆ ಸರ್. ಅದಕ್ಕೇ ಹೇಳಿದ್ದು.

ಹಳೇಪ್ಯಾನಲ್

ಅದಕ್ಕೆ ಬೇರೆ ರೌಂಡು ಇರಲಿ. ಇವರ ರೌಂಡಿಗೆ ಅದನ್ನು ತುರುಕುವುದು ಬೇಡ.

ನಲವತ್ತೇಳು · ಮಂಗಳವಾರ ಬೆಳಗ್ಗೆ

ನಾನು ಆ ಕಡೆ ಕೂತವನು. ವಯಸ್ಸು 47. ಹೋದ ವರ್ಷ ಕೆಲಸ ಹುಡುಕಿದೆ, ಇಂಟರ್‌ವ್ಯೂ ಮಾಡಿದವರಲ್ಲಿ ಹೆಚ್ಚಿನವರು ನನಗಿಂತ ಹತ್ತು ಹದಿನೈದು ವರ್ಷ ಚಿಕ್ಕವರು. ಇಬ್ಬರ ಬಗ್ಗೆ ಹೇಳುತ್ತೇನೆ.

ಒಬ್ಬ ಹುಡುಗ ಶುರುವಿನಲ್ಲೇ "ನಿಮಗೆ ಪ್ರಶ್ನೆ ಕೇಳುವುದಕ್ಕೆ ನಾನ್ಯಾರು ಸರ್" ಅಂದ. ಪ್ರೀತಿಯಿಂದಲೇ ಅಂದ. ಆದರೆ ಆ ಕ್ಷಣದಿಂದ ಅವನನ್ನು ಸಮಾಧಾನ ಮಾಡುವ ಕೆಲಸ ನನ್ನದಾಯಿತು. ನನಗೇ ಗೊತ್ತಿಲ್ಲದ ಹಾಗೆ ಮೇಷ್ಟ್ರಾಗಿಬಿಟ್ಟೆ, ಪಾಠ ಮಾಡಿದೆ. ಎರಡು ವಾರದ ನಂತರ ರಿಜೆಕ್ಟ್ ಮೇಲ್ ಬಂತು. ನನ್ನ ಕೆಲಸದ ಬಗ್ಗೆ ಅವನು ಏನನ್ನೂ ಕೇಳಿರಲಿಲ್ಲ, ಹಾಗಾಗಿ ಬರೆಯುವುದಕ್ಕೂ ಏನೂ ಇರಲಿಲ್ಲ ಅಂತ ನನ್ನ ಊಹೆ. ಅವನ ಆ ವಿನಯದಿಂದ ನಷ್ಟ ಆಗಿದ್ದು ನನಗೆ.

ಇನ್ನೊಬ್ಬರು ಒಬ್ಬ ಹೆಣ್ಣುಮಗಳು, ಐದಾರು ವರ್ಷದ ಅನುಭವ ಇರಬಹುದು. ನಾನು ದೊಡ್ಡ ಚಿತ್ರ ಬಿಡಿಸುತ್ತಿದ್ದಾಗ "ಒಂದು ನಿಮಿಷ ನಿಲ್ಲಿಸುತ್ತೇನೆ. ದಿನಕ್ಕೆ ಎಷ್ಟು ಆರ್ಡರ್ ಬರುತ್ತಿತ್ತು?" ಅಂದರು. ಆ ಸಂಖ್ಯೆ ಹೇಳಬೇಕಾದಾಗ ನಾನು ಪಟ್ ಅಂತ ನೆಲಕ್ಕೆ ಇಳಿದೆ. ಆಮೇಲಿನ ಮಾತೆಲ್ಲ ಚೆನ್ನಾಗಿತ್ತು. ಅವರು ನನಗಿಂತ ಜಾಸ್ತಿ ತಿಳಿದವರಾಗಿ ಕಾಣಲಿಲ್ಲ, ಕಾಣುವ ಅಗತ್ಯವೂ ಇರಲಿಲ್ಲ.

ಇನ್ನೊಂದು ವಿಷಯ. ನಾವು ಉದ್ದುದ್ದ ಮಾತಾಡುವುದು ಯಾವಾಗಲೂ ದರ್ಪದಿಂದ ಅಲ್ಲ. ಎಂಟು ಹತ್ತು ವರ್ಷ ಒಂದೇ ಕಡೆ ಇದ್ದು ಇಂಟರ್‌ವ್ಯೂ ಕೊಟ್ಟೇ ಇರುವುದಿಲ್ಲ. ಹೆದರಿಕೆ ನಮಗೂ ಇರುತ್ತದೆ, ಅದು ಮಾತಾಗಿ ಹೊರಗೆ ಬರುತ್ತದೆ.

ತುಂಗಾತೀರ · ಮಂಗಳವಾರ ಮಧ್ಯಾಹ್ನ

ಸರ್, ಇದನ್ನು ಓದಿ ಹೋದ ವರ್ಷದವರ ಬಗ್ಗೆ ನನಗೆ ಬೇಜಾರಾಯಿತು. ಅವರಿಗೂ ಹೀಗೇ ಆಗಿರಬಹುದು.

ಒಂದು ಅನುಮಾನ. ಇವರೆಲ್ಲ "ನಾವು ಮಾಡಿದೆವು, ನಾವು ತೀರ್ಮಾನ ಮಾಡಿದೆವು" ಅಂತಲೇ ಹೇಳುತ್ತಾರೆ. ಅದರಲ್ಲಿ ಅವರದು ಎಷ್ಟು ಅಂತ ಕೇಳಿದರೆ ಅನುಮಾನ ಪಟ್ಟ ಹಾಗೆ ಆಗುವುದಿಲ್ವಾ?

ಹಳೇಪ್ಯಾನಲ್

"ನೀವು ಏನು ಮಾಡಿದಿರಿ" ಅಂತ ನೇರವಾಗಿ ಕೇಳಿದರೆ ಹಾಗೆ ಅನ್ನಿಸಬಹುದು. ಅದರ ಬದಲು ಒಂದು ದಿನಕ್ಕೆ, ಒಂದು ಮೀಟಿಂಗಿಗೆ ಕರೆದುಕೊಂಡು ಹೋಗಿ. "ಈ ದಾರಿ ಹಿಡಿಯೋಣ ಅಂತ ತೀರ್ಮಾನ ಆದ ದಿನ ಯಾರ್ಯಾರಿದ್ದರು? ಯಾರು ಬೇಡ ಅಂದರು? ಅವರಿಗೆ ನೀವು ಏನು ಹೇಳಿದಿರಿ?" ನಿಜವಾಗಿ ಅಲ್ಲಿದ್ದವರಿಗೆ ಇದು ಸಲೀಸು. ಬೇಡ ಅಂದವರ ವಾದ ಕೂಡ ಅವರಿಗೆ ನೆನಪಿರುತ್ತದೆ, ಕೆಲವೊಮ್ಮೆ "ಅವರು ಹೇಳಿದ್ದೇ ಸರಿ ಇತ್ತು" ಅಂತಲೂ ಅನ್ನುತ್ತಾರೆ. ದೂರದಿಂದ ನೋಡಿದವರು ಮತ್ತೆ "ಟೀಮ್ ತೀರ್ಮಾನ ಮಾಡಿತು" ಅನ್ನುವಲ್ಲಿಗೇ ವಾಪಸ್ ಹೋಗುತ್ತಾರೆ. ಎರಡು ಸಲ ಕೇಳಿಯೂ ಹಾಗೇ ಆದರೆ ಅದನ್ನೇ ಬರೆದುಕೊಳ್ಳಿ, ಮೂರನೇ ಸಲ ಕೇಳಬೇಡಿ.

ಒಂದು ಎಚ್ಚರಿಕೆ. ಈ ಹಂತದಲ್ಲಿ "ಕೋಡ್ ನಾನು ಬರೆಯಲಿಲ್ಲ, ಇಬ್ಬರ ಕೈಲಿ ಬರೆಸಿದೆ" ಅನ್ನುವುದು ಪೂರ್ತಿ ಒಪ್ಪುವ ಉತ್ತರ. ನಮ್ಮ ದಿನದ ಕೆಲಸದ ಅಳತೆಯಲ್ಲಿ ಅವರನ್ನು ಅಳೆದರೆ ತಪ್ಪಾಗುತ್ತದೆ. ಅವರು ಇಲ್ಲದಿದ್ದರೆ ಏನು ಬೇರೆ ಆಗುತ್ತಿತ್ತು ಅನ್ನುವುದು ನಿಮಗೆ ಬೇಕಾದ್ದು.

ಮತ್ತೆ, ತಡೆಯುವಾಗ ಕ್ಷಮೆ ಕೇಳಬೇಡಿ, ವಿಷಯ ಬದಲಿಸಲೂ ಬೇಡಿ. ಅವರು ಹೇಳಿದ್ದರಲ್ಲೇ ಒಂದು ಪದ ಹಿಡಿದು ಅಲ್ಲಿಗೆ ವಾಪಸ್ ಕರೆಯಿರಿ. "ರೆಪ್ಲಿಕಾ ಅಂದಿರಲ್ಲ, ಅಲ್ಲೇ ನಿಲ್ಲೋಣ" ಅಂದರೆ ನೀವು ಕೇಳಿಸಿಕೊಳ್ಳುತ್ತಿದ್ದೀರಿ ಅಂತ ಅವರಿಗೂ ಗೊತ್ತಾಗುತ್ತದೆ.

ತುಂಗಾತೀರ · ಗುರುವಾರ ರಾತ್ರಿ

ಮುಗಿಯಿತು. ವಿವರವಾಗಿ ಬರೆಯುತ್ತೇನೆ, ಇನ್ನೊಬ್ಬರಿಗೆ ಉಪಯೋಗ ಆಗಬಹುದು. ಅಂಕಿ, ವ್ಯವಹಾರ, ಟೇಬಲ್ ಹೆಸರು ಎಲ್ಲ ಬದಲಿಸಿದ್ದೇನೆ, ಗುರುತು ಸಿಗುವುದಿಲ್ಲ.

ಹೇಳಿಕೊಟ್ಟ ಹಾಗೆ ಟೈಮ್ ಹಂಚಿಕೆ ಮೊದಲೇ ಹೇಳಿದೆ. "ತಡೆಯುತ್ತೇನೆ" ಅಂದಾಗ ಅವರು ನಕ್ಕು "ತಡೀಬೇಕು, ನಾನು ಜಾಸ್ತಿ ಮಾತಾಡ್ತೀನಿ" ಅಂದರು. ಅಲ್ಲಿಗೆ ನನ್ನ ಅರ್ಧ ಭಯ ಹೋಯಿತು.

ಅವರು ಆರಿಸಿಕೊಂಡ ಕೆಲಸ: ಪೋಸ್ಟ್‌ಗ್ರೆಸ್‌ನಲ್ಲಿ ಒಂದು ದೊಡ್ಡ ಟೇಬಲ್, ಅದರ ಐಡಿ ಕಾಲಂ `integer`. ಅದರ ಮಿತಿ 2,147,483,647, ಅಂದರೆ ಸುಮಾರು 214 ಕೋಟಿ. ಅದನ್ನು ಸರ್ವಿಸ್ ನಿಲ್ಲಿಸದೆ `bigint` ಮಾಡಬೇಕಿತ್ತು. ಅವರು ಆರ್ಕಿಟೆಕ್ಚರ್ ಚಿತ್ರದಿಂದ ಶುರು ಮಾಡಿದರು. ಐದು ನಿಮಿಷ ಆದ ಮೇಲೆ ತಡೆದೆ. "ಇದು ನಿಮ್ಮ ಗಮನಕ್ಕೆ ಬಂದಾಗ ಐಡಿ ಎಷ್ಟರಲ್ಲಿತ್ತು, ದಿನಕ್ಕೆ ಎಷ್ಟು ಸಾಲು ಬರುತ್ತಿತ್ತು?" 170 ಕೋಟಿ, ದಿನಕ್ಕೆ 30 ಲಕ್ಷ ಅಂದರು. ಅಲ್ಲೇ ಲೆಕ್ಕ ಹಾಕಿದೆ, ಹತ್ತಿರ ಹತ್ತಿರ 150 ದಿನ. ನಾನು ಹೇಳುವ ಮೊದಲೇ ಅವರು "ಐದು ತಿಂಗಳು ಕೈಯಲ್ಲಿತ್ತು, ಅದಕ್ಕೇ ಅವಸರದ ದಾರಿ ಬೇಡ ಅಂದೆ" ಅಂದರು. ಕಾಲಂ ಟೈಪ್ ನೇರವಾಗಿ ಬದಲಿಸಿದರೆ ಟೇಬಲ್ ಪೂರ್ತಿ ಹೊಸದಾಗಿ ಬರೆಯಬೇಕು, ಅಲ್ಲಿಯವರೆಗೆ ಅದನ್ನು ಓದುವುದಕ್ಕೂ ಯಾರಿಗೂ ಆಗುವುದಿಲ್ಲ. ಅದರ ಬದಲು ಪಕ್ಕದಲ್ಲಿ ಹೊಸ ಕಾಲಂ, ಹೊಸ ಸಾಲುಗಳಿಗೆ ಟ್ರಿಗರ್, ಹಳೆಯದನ್ನು ಸ್ವಲ್ಪ ಸ್ವಲ್ಪವೇ ತುಂಬುವುದು, ಕೊನೆಗೆ ಹೆಸರು ಅದಲುಬದಲು.

ಮಧ್ಯೆ ಒಂದು ಕಡೆ ನನಗೆ ಗೊತ್ತಿಲ್ಲದ್ದು ಬಂತು. ಕೊನೆಯ ಅದಲುಬದಲಿನಲ್ಲಿ ಲಾಕ್ ಎಷ್ಟು ಹೊತ್ತು ಇತ್ತು ಅಂತ ಕೇಳಿದೆ. ಅವರು ಮೊದಲೇ ಒಂದು ಚೆಕ್ ಕನ್‌ಸ್ಟ್ರೇಂಟ್ ಹಾಕಿಟ್ಟಿದ್ದೆ, ಹಾಗಾಗಿ ಕ್ಷಣ ಮಾತ್ರ ಅಂದರು. ಹೋದ ವರ್ಷ ಆಗಿದ್ದರೆ ತಲೆ ಆಡಿಸಿ ಮುಂದೆ ಹೋಗುತ್ತಿದ್ದೆ. ಈ ಸಲ "ಇದು ನನಗೆ ಹೊಸದು. ಅದು ಇಲ್ಲದಿದ್ದರೆ ಏನಾಗುತ್ತಿತ್ತು, ಹೇಳಿ" ಅಂದೆ. ಎರಡೇ ನಿಮಿಷದಲ್ಲಿ ಬಿಡಿಸಿ ಹೇಳಿದರು. ನನಗೆ ಅರ್ಥ ಆಯಿತು. ಇನ್ನೂ ಒಂದು ಪ್ರಶ್ನೆ ಕೇಳಿದೆ, ಅದಕ್ಕೂ ಸಿಟ್ಟಾಗದೆ ಉತ್ತರ ಕೊಟ್ಟರು. ತಿಳಿಯದವರಿಗೆ ಇವರು ಹೇಗೆ ವಿವರಿಸುತ್ತಾರೆ ಅನ್ನುವುದು ನನಗೆ ಅಲ್ಲೇ ಕಂಡಿತು, ಈ ಕೆಲಸಕ್ಕೆ ಅದು ಬೇಕೇ ಬೇಕು.

ಆಮೇಲೆ "ಏನು ತಪ್ಪಾಯಿತು?" ಅಂತ ಕೇಳಿದೆ. ಮೊದಲು "ದೊಡ್ಡದೇನೂ ಇಲ್ಲ" ಅಂದರು. ನಾನು ಸುಮ್ಮನೆ ಇದ್ದೆ. ನಿಜ ಹೇಳಬೇಕು ಅಂದರೆ ಆ ನಾಲ್ಕೈದು ಸೆಕೆಂಡು ತುಂಬಾ ಉದ್ದ ಅನ್ನಿಸಿತು. ಆಮೇಲೆ ಅವರೇ ಶುರು ಮಾಡಿದರು. ರಿಪೋರ್ಟ್ ಟೀಮಿನ ಒಂದು ಟೇಬಲ್‌ನಲ್ಲಿ ಅದೇ ಐಡಿ `integer` ಆಗಿಯೇ ಉಳಿದಿತ್ತು. ಅದಕ್ಕೆ ಫಾರಿನ್ ಕೀ ಇರಲಿಲ್ಲ, ಹಾಗಾಗಿ ಪಟ್ಟಿಯಲ್ಲಿ ಸಿಗಲಿಲ್ಲ. ಐಡಿ 214 ಕೋಟಿ ದಾಟಿದ ರಾತ್ರಿ ಆ ಜಾಬ್ `integer out of range` ಎಂದು ಬಿತ್ತು. "ಆ ಪಟ್ಟಿ ಮಾಡಿದ್ದು ಯಾರು?" ಅಂದೆ. "ನಾನೇ. ಫಾರಿನ್ ಕೀ ಮಾತ್ರ ನೋಡಿದೆ, ಕಾಲಂ ಹೆಸರಿನಿಂದಲೂ ಹುಡುಕಬೇಕಿತ್ತು" ಅಂದರು.

ಒಂದು ಕಡೆ ಅವರು "ನೀವಾಗಿದ್ದರೆ ಏನು ಮಾಡ್ತಿದ್ರಿ?" ಅಂತ ತಿರುಗಿಸಿದರು. ಎರಡು ವಾಕ್ಯದಲ್ಲಿ ಉತ್ತರ ಕೊಟ್ಟು, "ಇದನ್ನು ಕೊನೆಯ 10 ನಿಮಿಷಕ್ಕೆ ಇಟ್ಟುಕೊಳ್ಳೋಣ, ಈಗ ನಿಮ್ಮ ರೆಪ್ಲಿಕಾ ವಿಷಯಕ್ಕೆ ಬರ್ತೀನಿ" ಅಂದೆ. ಕೊನೆಗೆ ಅವರೇ ಅದನ್ನು ಮತ್ತೆ ಎತ್ತಿದರು, ಚೆನ್ನಾಗಿ ಮಾತಾಡಿದೆವು.

ಸರಿ ಹೋಗದ ಒಂದು ವಿಷಯ. ಒಟ್ಟು ಮೂರು ಸಲ ತಡೆದೆ. ಮೂರನೇ ಸಲ ಅವರ ಮುಖ ಬಿಗಿಯಾಯಿತು, ಒಂದೆರಡು ಉತ್ತರ ಬರೀ ಹೌದು, ಇಲ್ಲ ಅಂತ ಬಂತು. ಆಮೇಲೆ ಮತ್ತೆ ಸರಿಯಾದರು. ಇದನ್ನು ಫೀಡ್‌ಬ್ಯಾಕ್‌ನಲ್ಲಿ ಬರೆಯಬೇಕಾ?

ಡೇಟಾಗೂಡು · ಗುರುವಾರ ರಾತ್ರಿ

ಡೇಟಾಬೇಸ್ ನೋಡಿಕೊಳ್ಳುವವನು ನಾನು. ಚೆಕ್ ಕನ್‌ಸ್ಟ್ರೇಂಟ್ ಬಗ್ಗೆ ಅವರು ಹೇಳಿದ್ದು ಸರಿಯಾಗಿದೆ. ಪ್ರೈಮರಿ ಕೀ ಆಗುವ ಕಾಲಂನಲ್ಲಿ ಖಾಲಿ ಇರಬಾರದು, ಅದನ್ನು ಖಚಿತ ಮಾಡಲು ಪೋಸ್ಟ್‌ಗ್ರೆಸ್ ಲಾಕ್ ಹಿಡಿದು ಟೇಬಲ್ ಪೂರ್ತಿ ಓದುತ್ತದೆ. ಮೊದಲೇ ಹೀಗೆ ಮಾಡಿಟ್ಟರೆ ಆ ಓದು ತಪ್ಪುತ್ತದೆ:

```sql
ALTER TABLE payments ADD CONSTRAINT new_id_nn
  CHECK (new_id IS NOT NULL) NOT VALID;
ALTER TABLE payments VALIDATE CONSTRAINT new_id_nn;
ALTER TABLE payments ALTER COLUMN new_id SET NOT NULL;
```

ಎರಡನೇ ಸಾಲು ಟೇಬಲ್ ಓದುತ್ತದೆ, ಆದರೆ ಬೇರೆಯವರ ಓದು ಬರಹವನ್ನು ತಡೆಯುವುದಿಲ್ಲ. ಮೂರನೆಯದು ಆಗ ಕ್ಷಣದಲ್ಲಿ ಮುಗಿಯುತ್ತದೆ. ಇದು ಪೋಸ್ಟ್‌ಗ್ರೆಸ್ 12ರಿಂದ ಮಾತ್ರ. ಅವರು ಯಾವ ಆವೃತ್ತಿ ಅಂದರು? 11 ಆಗಿದ್ದರೆ ಕಥೆ ಕೂಡಿ ಬರುವುದಿಲ್ಲ.

ತುಂಗಾತೀರ

13 ಅಂದಿದ್ದರು, ಬರೆದುಕೊಂಡಿದ್ದೇನೆ. ಥ್ಯಾಂಕ್ಸ್.

ಹಳೇಪ್ಯಾನಲ್ · ಗುರುವಾರ ರಾತ್ರಿ

ಗೊತ್ತಿಲ್ಲದ್ದನ್ನು ಅಲ್ಲಿ ಕೇಳಿ, ಆಮೇಲೆ ಬಂದು ಪರೀಕ್ಷಿಸಿದಿರಲ್ಲ, ಅದೇ ಸರಿಯಾದ ಕ್ರಮ. ಇಂಟರ್‌ವ್ಯೂ ಮಧ್ಯೆ ಹುಡುಕಿ ನೋಡಲು ಹೋದವರು ಮುಂದಿನ ಐದು ನಿಮಿಷ ಕಳೆದುಕೊಳ್ಳುತ್ತಾರೆ.

ಫೀಡ್‌ಬ್ಯಾಕ್ ಇವತ್ತೇ ಬರೆಯಿರಿ, ಬೇರೆಯವರದ್ದನ್ನು ತೆರೆಯುವ ಮೊದಲೇ. ನಿಮ್ಮ ಡೈರೆಕ್ಟರ್ "ಅದ್ಭುತ" ಅಂತ ಬರೆದದ್ದನ್ನು ಓದಿಬಿಟ್ಟರೆ ನಿಮ್ಮ ಕೈ ತಾನಾಗಿ ಆ ಕಡೆ ವಾಲುತ್ತದೆ. ಬರೆದ ಮೇಲೆ ಒಂದೊಂದು ವಾಕ್ಯಕ್ಕೂ "ಇದನ್ನು ಅವರ ಯಾವ ಮಾತಿನಿಂದ ಹೇಳುತ್ತಿದ್ದೇನೆ?" ಅಂತ ಕೇಳಿಕೊಳ್ಳಿ. "ಆಳವಾದ ಅನುಭವ" ಅನ್ನುವುದಕ್ಕೆ ಹಿಂದೆ ಮಾತಿಲ್ಲ, ತೆಗೆದುಹಾಕಿ. "ತಪ್ಪಿಹೋದ ಟೇಬಲ್‌ನ ಹೊಣೆ ತನ್ನದು ಅಂದರು, ಹೇಗೆ ಹುಡುಕಬೇಕಿತ್ತು ಅಂತಲೂ ಹೇಳಿದರು" ಅನ್ನುವುದಕ್ಕೆ ಇದೆ. ಉಲ್ಟಾ ತಪ್ಪೂ ಆಗುತ್ತದೆ, ಅದನ್ನೂ ನೋಡಿಕೊಳ್ಳಿ. ಹೆದರಿಲ್ಲ ಅಂತ ತೋರಿಸಲು ಕೆಲವರು ಇಂಥವರಿಗೆ ಬೇಕಂತಲೇ ಕಡಿಮೆ ಕೊಡುತ್ತಾರೆ.

ಮೂರನೇ ಸಲದ ವಿಷಯ: ಕಂಡದ್ದನ್ನು ಕಂಡ ಹಾಗೆ ಒಂದು ಸಾಲು ಬರೆಯಿರಿ. "ತಡೆ ಸಹಿಸುವುದಿಲ್ಲ" ಅಂತ ತೀರ್ಪು ಬರೆಯಬೇಡಿ.

ನಲವತ್ತೇಳು

ನನಗೆ ಅದನ್ನು ಬರೆಯುವುದೇ ಸರಿ ಅನ್ನಿಸುವುದಿಲ್ಲ. ಒಂದು ಗಂಟೆಯಲ್ಲಿ ಮೂರನೇ ಸಲ ಮಾತು ತುಂಡಾದರೆ ಯಾರಿಗಾದರೂ ಮುಖ ಬಿಗಿಯುತ್ತದೆ. ವಿಡಿಯೋ ಕಾಲ್‌ನಲ್ಲಿ ಅರ್ಧ ಸೆಕೆಂಡ್ ತಡ ಆದರೂ ಒರಟಾಗಿ ಕೇಳಿಸುತ್ತದೆ. ತಕ್ಷಣ ಸರಿಯಾದರಲ್ಲ, ಅಷ್ಟು ಸಾಕು.

ಕೋಡ್‌ಕಟ್ಟೆ

ನಾನು ಒಪ್ಪಲ್ಲ ಸರ್. ನಾಳೆ ಡಿಸೈನ್ ರಿವ್ಯೂನಲ್ಲಿ 3 ವರ್ಷದ ಅನುಭವ ಇರುವ ಹುಡುಗಿ ತಡೆದರೂ ಅವರು ಹಾಗೇ ಮುಖ ಮಾಡಿದರೆ, ಆ ಹುಡುಗಿ ಮುಂದೆ ಬಾಯಿ ಬಿಡುವುದಿಲ್ಲ. ಪ್ರಿನ್ಸಿಪಲ್ ಕೆಲಸಕ್ಕೆ ಇದಕ್ಕಿಂತ ದೊಡ್ಡ ಮಾಹಿತಿ ಯಾವುದಿದೆ?

ನಲವತ್ತೇಳು

ಆ ಹುಡುಗಿಯ ಕಷ್ಟ ನನಗೆ ಅರ್ಥ ಆಗುತ್ತದೆ. ಆದರೆ ಎಂಟು ಸೆಕೆಂಡಿನ ಮುಖ ನೋಡಿ 19 ವರ್ಷದ ಸ್ವಭಾವ ಬರೆಯಬೇಡಿ ಅಂತಷ್ಟೇ ನನ್ನ ಮಾತು.

ತುಂಗಾತೀರ · ಶುಕ್ರವಾರ ಬೆಳಗ್ಗೆ

ಫೀಡ್‌ಬ್ಯಾಕ್ ಕಳಿಸಿದೆ. ಒಂದೂವರೆ ಪುಟ ಆಯಿತು, ಹೋದ ಸಲ ನಾಲ್ಕು ಸಾಲು ಇತ್ತು. ಆ ವಿಷಯವನ್ನು ಹೀಗೆ ಬರೆದೆ: "42ನೇ ನಿಮಿಷದಲ್ಲಿ ಮೂರನೇ ಸಲ ತಡೆದೆ. ಮುಂದಿನ ಎರಡು ಉತ್ತರ ಒಂದೇ ಪದದಲ್ಲಿ ಬಂತು. ಆಮೇಲೆ ಮೊದಲಿನ ಹಾಗೆ ಮಾತಾಡಿದರು." ಕೊನೆಯ ರೌಂಡು ಮಾಡುವವರಿಗೆ ಒಂದು ಮನವಿಯನ್ನೂ ಸೇರಿಸಿದೆ, ಅವರ ಅಭಿಪ್ರಾಯಕ್ಕೆ ವಿರುದ್ಧ ವಾದ ಇಟ್ಟು ಹೇಗೆ ತೆಗೆದುಕೊಳ್ಳುತ್ತಾರೆ ನೋಡಿ ಅಂತ. ಆ ರೌಂಡು ಸೋಮವಾರ 11 ಗಂಟೆಗೆ.